ಎಡಗಾಲಿಗೆ ಇಂಜೆಕ್ಷನ್ ಕೊಟ್ಟರೆ ಬಲಗಾಲು ಯಾಕೆ ಕುಂಟಿತು?

ಪ್ರಶ್ನೆ: ಡಾಕ್ಟ್ರೇ, ತೀರ್ಥಹಳ್ಳಿ ಹತ್ತಿರ ನಮ್ಮದೊಂದು ಹೋಂಸ್ಟೇ ಇದೆ. ರೇಸಿನಿಂದ ಬಿಟ್ಟ 9 ವರ್ಷದ ಹೆಣ್ಣು ಕುದುರೆ ಸಾಕಿದ್ದೇವೆ. ಎರಡು ತಿಂಗಳಿಂದ ಮುಂದಿನ ಎಡಗಾಲು ಸ್ವಲ್ಪ ಕುಂಟುತ್ತಿದೆ. ಟಾರು ರಸ್ತೆಯಲ್ಲಿ ಜಾಸ್ತಿ, ಎಡಕ್ಕೆ ಸುತ್ತು ಹಾಕಿಸಿದರೆ ಇನ್ನೂ ಜಾಸ್ತಿ. ಬಲಕ್ಕೆ ಸುತ್ತಿಸಿದರೆ ಅಷ್ಟು ಕುಂಟಲ್ಲ, ಆದರೆ ಹೆಜ್ಜೆ ಚಿಕ್ಕದಾಗುತ್ತೆ. ಡಾಕ್ಟರ್ ಬಂದು ಎಡಗಾಲಿನ ಕೆಳಭಾಗ ಮಡಚಿ ಹಿಡಿದು ಓಡಿಸಿದರು, ಕುಂಟು ಜಾಸ್ತಿಯಾಯಿತು. ನಾವು ಗೊರಸಿನ ಮೇಲಿನ ಗೆಣ್ಣಿನಲ್ಲೇ ನೋವು ಅಂದುಕೊಂಡೆವು. ಆಮೇಲೆ ಹಿಮ್ಮಡಿ ಹತ್ತಿರ ಎರಡು ಇಂಜೆಕ್ಷನ್ ಕೊಟ್ಟರು. ಹತ್ತು ನಿಮಿಷದಲ್ಲಿ ಎಡಗಾಲು ಸರಿಹೋಯಿತು, ಆದರೆ ಬಲಗಾಲು ಕುಂಟೋಕೆ ಶುರು! ಅವರು ಗೊರಸಿನದೇ ತೊಂದರೆ, ಇನ್ನೊಂದು ದಿನ ಬರುತ್ತೇನೆ ಅಂದರು. ಸೂಜಿಯಿಂದ ಏನಾದರೂ ಎಡವಟ್ಟಾಯಿತಾ? ಗೆಣ್ಣೋ ಗೊರಸೋ? ಸರಿಹೋಗುತ್ತೆ ಅಂದಮೇಲೆ ಅದೇ ಇಂಜೆಕ್ಷನ್ ಕೊಡ್ತಾ ಇರಬಾರದಾ?

ಉತ್ತರ: ಮೊದಲು ನಿಮ್ಮ ಭಯದ ವಿಷಯ. ಎಡಗಾಲಿಗೆ ಕೊಟ್ಟ ಇಂಜೆಕ್ಷನ್ ಬಲಗಾಲನ್ನು ಹಾಳು ಮಾಡಲ್ಲ. ನೀವು ಬರೆದದ್ದನ್ನು ನೋಡಿದರೆ ಬಲಗಾಲು ಮೊದಲಿನಿಂದಲೂ ನೋಯುತ್ತಿತ್ತು, ಎಡಗಾಲಿನ ನೋವು ಅದಕ್ಕಿಂತ ಜಾಸ್ತಿ ಇದ್ದದ್ದರಿಂದ ಕಾಣಿಸುತ್ತಿರಲಿಲ್ಲ, ಅಷ್ಟೆ. ನಿಮ್ಮ ಡಾಕ್ಟರ್ ಸರಿಯಾದ ದಾರಿಯಲ್ಲೇ ಇದ್ದಾರೆ.

ಇದು ಅರ್ಥವಾಗಬೇಕಾದರೆ ಕುದುರೆ ಕುಂಟುವುದನ್ನು ನಾವು ಹೇಗೆ ನೋಡುತ್ತೇವೆ ಅನ್ನೋದು ಗೊತ್ತಿರಬೇಕು. ಮುಂದಿನ ಕಾಲು ನೋಯುತ್ತಿದ್ದರೆ ಆ ಕಾಲು ನೆಲ ಮುಟ್ಟುವಾಗ ಕುದುರೆ ತಲೆಯನ್ನು ಮೇಲೆತ್ತುತ್ತದೆ, ಭಾರ ಕಡಿಮೆ ಬೀಳಲಿ ಅಂತ. ಒಳ್ಳೆಯ ಕಾಲು ಊರುವಾಗ ತಲೆ ಕೆಳಗೆ ಬರುತ್ತದೆ. ಟ್ರಾಟ್ ಅನ್ನುವ ನಿಧಾನ ಓಟದಲ್ಲಿ ಇದು ಚೆನ್ನಾಗಿ ಕಾಣುತ್ತದೆ, ಯಾಕೆಂದರೆ ಆ ನಡೆಯಲ್ಲಿ ಎರಡೂ ಕಡೆಯ ಹೆಜ್ಜೆ ಒಂದೇ ಥರ ಇರಬೇಕು, ಸ್ವಲ್ಪ ಹೆಚ್ಚುಕಮ್ಮಿಯಾದರೂ ಕಣ್ಣಿಗೆ ಬೀಳುತ್ತದೆ. ಆದರೆ ತಲೆಯಾಟ ತೋರಿಸುವುದು ಎರಡು ಕಾಲಿನ ನೋವಿನ ನಡುವಿನ ವ್ಯತ್ಯಾಸವನ್ನು ಮಾತ್ರ. ಎರಡೂ ಕಾಲು ಒಂದೇ ಸಮ ನೋಯುತ್ತಿದ್ದರೆ ತಲೆ ಆಡೋದೇ ಇಲ್ಲ, ಬರೀ ಹೆಜ್ಜೆ ಚಿಕ್ಕದಾಗಿ, ಬಿಗಿಯಾಗಿ ಇಡುತ್ತದೆ, ಮಾಲೀಕರು ವಯಸ್ಸಾಯ್ತು ಅಂದುಕೊಂಡು ಸುಮ್ನಾಗಿಬಿಡುತ್ತಾರೆ. ಎಡಗಾಲು ಸ್ವಲ್ಪ ಜಾಸ್ತಿ ನೋಯುತ್ತಿದ್ದರೆ ಎಡಗಾಲು ಮಾತ್ರ ಕುಂಟಿದ ಹಾಗೆ ಕಾಣುತ್ತದೆ. ಎಡಗಾಲಿನ ನೋವನ್ನು ಮರಗಟ್ಟಿಸಿದ ಕೂಡಲೇ ಬಲಗಾಲಿನದು ಮೇಲೆ ಬರುತ್ತದೆ. ನಿಮ್ಮಲ್ಲಿ ಆಗಿದ್ದು ಇದೇ.

ನಿಮ್ಮ ಪತ್ರದಲ್ಲೇ ಇದಕ್ಕೆ ಒಂದು ಸುಳಿವು ಇತ್ತು. ಗಟ್ಟಿ ನೆಲದಲ್ಲಿ ಸುತ್ತು ಹಾಕಿಸಿದಾಗ ಗೊರಸಿನ ನೋವು ಸಾಮಾನ್ಯವಾಗಿ ಒಳಗಡೆಯ ಕಾಲಿನಲ್ಲಿ ಜಾಸ್ತಿ ಕಾಣುತ್ತದೆ. ಎಡಕ್ಕೆ ಸುತ್ತುವಾಗ ಎಡಗಾಲು ಒಳಗಿರುತ್ತದೆ, ಅದಕ್ಕೇ ಕುಂಟು ಜೋರು. ಬಲಕ್ಕೆ ಸುತ್ತುವಾಗ ಬಲಗಾಲು ಒಳಗೆ ಬರುತ್ತದೆ, ಅದರ ನೋವು ಎದ್ದು ಎಡಗಾಲಿನ ನೋವಿಗೆ ಸರಿಸಮ ಆಗುತ್ತದೆ. ಆಗ ಕುಂಟು ಹೋದ ಹಾಗೆ ಕಂಡರೂ ಹೆಜ್ಜೆ ಚಿಕ್ಕದಾಗುತ್ತದೆ. ಇದನ್ನು ನೀವು ಗಮನಿಸಿ ಬರೆದದ್ದು ನನಗೆ ತುಂಬಾ ಸಹಾಯವಾಯಿತು.

ಈಗ ಗೆಣ್ಣೋ ಗೊರಸೋ ಅನ್ನೋದಕ್ಕೆ ಬರೋಣ. ಕಾಲು ಮಡಚಿ ಹಿಡಿಯುವ ಪರೀಕ್ಷೆಯನ್ನು ಜನ ತುಂಬಾ ನಂಬುತ್ತಾರೆ, ಅಷ್ಟು ನಂಬಬಾರದು. ಮಾಡೋದು ಹೀಗೆ: ಕಾಲಿನ ಕೆಳಭಾಗವನ್ನು ಒಂದು ನಿಮಿಷ ಒಂದೇ ಸಮ ಬಲದಲ್ಲಿ ಮಡಚಿ ಹಿಡಿಯಬೇಕು, ಬಿಟ್ಟ ತಕ್ಷಣ ನೇರವಾಗಿ ಟ್ರಾಟ್‌ನಲ್ಲಿ ಓಡಿಸಬೇಕು. ಮೊದಲ ಒಂದೆರಡು ಹೆಜ್ಜೆ ಕುಂಟಿದರೆ ಲೆಕ್ಕಕ್ಕಿಲ್ಲ, ಅದು ಎಷ್ಟೋ ಆರೋಗ್ಯವಂತ ಕುದುರೆಗಳಲ್ಲೂ ಆಗುತ್ತದೆ. ಏಳೆಂಟು ಹೆಜ್ಜೆ ಆದಮೇಲೂ ಮೊದಲಿಗಿಂತ ಜಾಸ್ತಿ ಕುಂಟುತ್ತಿದ್ದರೆ ಆಗ ಏನೋ ಇದೆ ಅಂತ ಅರ್ಥ. ಸಾಮಾನ್ಯವಾಗಿ ಒಳ್ಳೆಯದು ಅನ್ನಿಸುವ ಕಾಲನ್ನೇ ಮೊದಲು ಮಡಚಿ ನೋಡುತ್ತೇವೆ, ಯಾಕೆಂದರೆ ನೋಯುವ ಕಾಲನ್ನು ಮೊದಲು ಕೆಣಕಿದರೆ ಆ ಕುಂಟು ಉಳಿದುಕೊಂಡು ಇನ್ನೊಂದು ಕಾಲಿನ ಫಲಿತಾಂಶವನ್ನು ಕೆಡಿಸುತ್ತದೆ. ಎರಡೂ ಕಾಲನ್ನು ಒಬ್ಬರೇ, ಅಷ್ಟೇ ಹೊತ್ತು, ಅಷ್ಟೇ ಬಲದಲ್ಲಿ ಹಿಡಿಯಬೇಕು. ಬಲ ಜಾಸ್ತಿ ಹಾಕಿ ಎರಡು ಮೂರು ನಿಮಿಷ ಹಿಡಿದರೆ ಯಾವ ಕುದುರೆಯಾದರೂ ಕುಂಟಬಹುದು.

ದೊಡ್ಡ ಸಮಸ್ಯೆ ಬೇರೆ ಇದೆ. ಕೆಳಗಾಲು ಮಡಚಿದಾಗ ಬರೀ ಗೆಣ್ಣು, ಅಂದರೆ ನಾವು ಫೆಟ್‌ಲಾಕ್ ಅನ್ನುವ ಕೀಲು ಮಾತ್ರ ಮಡಚಿಕೊಳ್ಳೋದಿಲ್ಲ. ಅದರ ಕೆಳಗಿನ ಪಾಸ್ಟರ್ನ್ ಕೀಲು, ಗೊರಸಿನ ಒಳಗಿರುವ ಕಾಫಿನ್ ಕೀಲು, ಹಿಮ್ಮಡಿಯ ಒಳಗಿನ ನ್ಯಾವಿಕ್ಯುಲರ್ ಅನ್ನುವ ಸಣ್ಣ ಮೂಳೆಯ ಸುತ್ತಮುತ್ತ, ಎಲ್ಲದರ ಮೇಲೂ ಒತ್ತಡ ಬೀಳುತ್ತದೆ. ಹಾಗಾಗಿ ಮಡಚಿದಮೇಲೆ ಕುಂಟು ಜಾಸ್ತಿಯಾಯಿತು ಅಂದರೆ ಈ ಭಾಗದಲ್ಲಿ ಎಲ್ಲೋ ನೋವಿದೆ ಅಂತ ಅಷ್ಟೇ ಹೇಳಬಹುದು. ಗೆಣ್ಣಿನಲ್ಲೇ ಅಂತ ಹೇಳೋಕೆ ಬರಲ್ಲ. ಹಿಂದಿನ ಕಾಲಿನಲ್ಲಂತೂ ಇದು ಇನ್ನೂ ಗೋಜಲು. ಅಲ್ಲಿ ಮೇಲಿನ ಕೀಲುಗಳು ಒಂದಕ್ಕೊಂದು ಜೋಡಿಸಿಕೊಂಡೇ ಮಡಚಿಕೊಳ್ಳುತ್ತವೆ, ಒಂದನ್ನು ಬಿಟ್ಟು ಇನ್ನೊಂದನ್ನು ಮಡಚೋಕೆ ಆಗೋದೇ ಇಲ್ಲ.

ಅದಕ್ಕೇ ಜಾಗ ಹುಡುಕೋಕೆ ನರ ಮರಗಟ್ಟಿಸುವ ಇಂಜೆಕ್ಷನ್ ಬೇಕಾಗುವುದು. ಇದು ಚಿಕಿತ್ಸೆ ಅಲ್ಲ, ಪರೀಕ್ಷೆ. ಹಲ್ಲು ಕೀಳುವಾಗ ನಮಗೆ ಕೊಡುತ್ತಾರಲ್ಲ, ಅದೇ ಜಾತಿಯ ಔಷಧಿ: ಲಿಗ್ನೊಕೈನ್ 2% ಅಥವಾ ಮೆಪಿವಕೈನ್ 2%. ಗೊರಸಿನ ಹಿಂಭಾಗಕ್ಕೆ ಹೋಗುವ ನರಗಳು ಪಾಸ್ಟರ್ನ್‌ನ ಎರಡೂ ಬದಿಯಲ್ಲಿ ಇಳಿದುಬರುತ್ತವೆ. ಹಿಮ್ಮಡಿಯ ಮೃದು ಎಲುಬಿನ ಸ್ವಲ್ಪ ಮೇಲೆ, ಒಂದೊಂದು ಬದಿಗೆ ಒಂದೂವರೆ ಎರಡು ಎಂಎಲ್ ಸಾಕು, ಸಣ್ಣ ಸೂಜಿಯಲ್ಲಿ. ಔಷಧಿಯಲ್ಲಿ ಅಡ್ರಿನಲಿನ್ ಸೇರಿರಬಾರದು, ಅದರಿಂದ ಆ ಜಾಗದ ಚರ್ಮಕ್ಕೆ ಹಾನಿಯಾಗಬಹುದು, ಬಿಳಿ ಕೂದಲೂ ಬರಬಹುದು.

ಐದಾರು ನಿಮಿಷ ಬಿಟ್ಟು ಹಿಮ್ಮಡಿಯ ಚರ್ಮವನ್ನು ಪೆನ್ನಿನ ಮೊಂಡು ತುದಿಯಿಂದ ಒತ್ತಿ ನೋಡುತ್ತೇವೆ. ಇಲ್ಲೊಂದು ಎಚ್ಚರ ಬೇಕು. ಎಷ್ಟೋ ಕುದುರೆಗಳು ಪೆನ್ನು ಬರೋದನ್ನು ನೋಡಿಯೇ ಕಾಲು ಎತ್ತಿಬಿಡುತ್ತವೆ, ನೋವಿಂದಲ್ಲ. ಅದಕ್ಕೆ ಆ ಕಡೆಯ ಕಣ್ಣಿಗೆ ಯಾರಾದರೂ ಕೈ ಅಡ್ಡ ಹಿಡಿದಿರಬೇಕು, ಇನ್ನೊಂದು ಕಾಲನ್ನೂ ಹಾಗೇ ಒತ್ತಿ ಹೋಲಿಸಬೇಕು. ಚರ್ಮ ಮರಗಟ್ಟಿದೆ ಅಂತ ಖಾತ್ರಿಯಾದಮೇಲೆ ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ, ಅದೇ ಸುತ್ತಿನಲ್ಲಿ ಮತ್ತೆ ಓಡಿಸಬೇಕು. ಕುಂಟು ಮುಕ್ಕಾಲು ಪಾಲಿಗಿಂತ ಜಾಸ್ತಿ ಕಡಿಮೆಯಾದರೆ ಇಂಜೆಕ್ಷನ್ ನೋವಿನ ಜಾಗ ಮುಟ್ಟಿದೆ ಅಂತ ಒಪ್ಪಬಹುದು. ಪೂರ್ತಿ ಹೋಗಲೇಬೇಕು ಅಂತಿಲ್ಲ. ಆದರೆ ಸ್ವಲ್ಪ ಪರವಾಗಿಲ್ಲ ಅನ್ನಿಸುತ್ತೆ ಅನ್ನುವಂಥ ಫಲಿತಾಂಶವನ್ನು ನಾನು ಲೆಕ್ಕಕ್ಕೆ ತಗೊಳ್ಳಲ್ಲ. ಕುದುರೆ ಓಡಿ ಓಡಿ ಮೈ ಬಿಸಿಯಾದರೂ ಅಷ್ಟು ಸುಧಾರಿಸಿದ ಹಾಗೆ ಕಾಣುತ್ತದೆ.

ಇಂಜೆಕ್ಷನ್‌ಗಳನ್ನು ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಕೊಡುತ್ತಾ ಹೋಗಬೇಕು. ಮೇಲೆ ಮರಗಟ್ಟಿಸಿದರೆ ಅದರ ಕೆಳಗಿನದೆಲ್ಲಾ ಒಟ್ಟಿಗೆ ಮರಗಟ್ಟುತ್ತದೆ, ಆಮೇಲೆ ನೋವು ಎಲ್ಲಿತ್ತು ಅಂತ ಬಿಡಿಸೋದು ಹೇಗೆ? ಹಿಮ್ಮಡಿಯ ಇಂಜೆಕ್ಷನ್‌ಗೆ ಕುಂಟು ಹೋಗದಿದ್ದರೆ ಮುಂದಿನದು ಗೆಣ್ಣಿನ ಹಿಂದೆ, ಸೆಸಮಾಯ್ಡ್ ಅನ್ನುವ ಎರಡು ಸಣ್ಣ ಮೂಳೆಗಳ ಬುಡದಲ್ಲಿ. ಅದರಿಂದ ಇಡೀ ಗೊರಸು ಮತ್ತು ಪಾಸ್ಟರ್ನ್‌ನ ಬಹುಭಾಗ ಮರಗಟ್ಟುತ್ತದೆ. ಅದಕ್ಕೂ ಹೋಗದಿದ್ದರೆ ಗೆಣ್ಣಿನ ಮೇಲೆ ನಾಲ್ಕು ಕಡೆ ಚುಚ್ಚುತ್ತೇವೆ, ಆಗ ಗೆಣ್ಣೂ ಸೇರಿ ಮರಗಟ್ಟುತ್ತದೆ. ನಿಮ್ಮ ಕುದುರೆಯಲ್ಲಿ ಗೆಣ್ಣಿನದೇ ನೋವಾಗಿದ್ದರೆ ಮೊದಲಿನ ಎರಡು ಹಂತಕ್ಕೆ ಕುಂಟು ಹಾಗೇ ಉಳಿದು, ಈ ಮೂರನೆಯದಕ್ಕೆ ಹೋಗಬೇಕಿತ್ತು. ಸಾಗರದ ಕಡೆ ಒಂದು ಗಂಡು ಕುದುರೆಯಲ್ಲಿ ನಾನು ಸರಿಯಾಗಿ ಅದನ್ನೇ ನೋಡಿದೆ. ಮಡಚಿದ ಪರೀಕ್ಷೆ ನಿಮ್ಮದರ ಹಾಗೇ ಇತ್ತು, ಆದರೆ ಹಿಮ್ಮಡಿಯ ಇಂಜೆಕ್ಷನ್‌ಗೆ ಏನೂ ಬದಲಾಗಲಿಲ್ಲ, ಸೆಸಮಾಯ್ಡ್ ಬುಡದ್ದಕ್ಕೂ ಇಲ್ಲ, ನಾಲ್ಕು ಕಡೆಯದ್ದಕ್ಕೆ ಕುಂಟು ಪೂರ್ತಿ ಹೋಯಿತು. ಎಕ್ಸ್‌ರೇಯಲ್ಲಿ ಗೆಣ್ಣಿನ ಅಂಚಿನಲ್ಲಿ ಮೂಳೆಯ ಚೂರು ಸಿಕ್ಕಿತು. ನಿಮ್ಮ ಕುದುರೆಯಲ್ಲಿ ಮೊದಲನೇ ಹಂತಕ್ಕೇ ಎಡಗಾಲು ಸರಿಹೋಗಿದೆ, ಅದಕ್ಕೆ ಗೊರಸಿನ ಕಡೆಗೇ ನಾನೂ ನೋಡುತ್ತೇನೆ.

ಆದರೆ ಹಿಮ್ಮಡಿಯ ಇಂಜೆಕ್ಷನ್‌ಗೂ ಮಿತಿ ಇದೆ. ಅದರಿಂದ ಬರೀ ಹಿಮ್ಮಡಿ ಮರಗಟ್ಟುತ್ತದೆ ಅಂತ ಮೊದಲು ತಿಳಿದಿದ್ದರು. ಈಗ ಗೊತ್ತಿರುವುದು ಏನೆಂದರೆ ನ್ಯಾವಿಕ್ಯುಲರ್ ಮೂಳೆ, ಅದರ ಹಿಂದೆ ಹಾಯುವ ಸ್ನಾಯುರಜ್ಜು, ಅಂಗಾಲು, ಕಾಫಿನ್ ಕೀಲಿನ ಬಹುಭಾಗ ಎಲ್ಲವೂ ಮರಗಟ್ಟುತ್ತವೆ. ಅಂಗಾಲು ಜಜ್ಜಿದ್ದರೂ ಕುಂಟು ಹೋಗುತ್ತದೆ, ಕೀಲು ಊದಿದ್ದರೂ ಹೋಗುತ್ತದೆ. ಇನ್ನೊಂದು ತೊಂದರೆ, ಔಷಧಿ ಚುಚ್ಚಿದ ಜಾಗದಲ್ಲೇ ನಿಲ್ಲುವುದಿಲ್ಲ. ಸೂಜಿ ಸ್ವಲ್ಪ ಮೇಲೆ ಹೋದರೆ, ಔಷಧಿ ಜಾಸ್ತಿ ಹಾಕಿದರೆ, ಅಥವಾ ಅರ್ಧ ಗಂಟೆ ಹರಟೆ ಹೊಡೆಯುತ್ತಾ ಕಾದು ಆಮೇಲೆ ಓಡಿಸಿದರೆ ಅದು ನರದ ಗುಂಟ ಮೇಲಕ್ಕೆ ಹರಡಿ ಪಾಸ್ಟರ್ನ್ ಕೀಲನ್ನೂ ಸೇರಿಸಿಕೊಳ್ಳಬಹುದು. ನಿಮ್ಮ ಡಾಕ್ಟರ್ ಹತ್ತು ನಿಮಿಷಕ್ಕೇ ಓಡಿಸಿ ನೋಡಿದ್ದರಿಂದ ಆ ಅನುಮಾನ ಕಡಿಮೆ.

ಮುಂದಿನ ಸಲ ಏನು ಮಾಡಬೇಕು ಅಂತ ಕೇಳಿದರೆ, ಎಡಗಾಲಿಗೆ ಮತ್ತೆ ಅದೇ ಇಂಜೆಕ್ಷನ್ ಕೊಟ್ಟು, ಬಲಗಾಲು ಕುಂಟೋದನ್ನು ಖಾತ್ರಿ ಮಾಡಿಕೊಂಡು, ಬಲಗಾಲಿನ ಹಿಮ್ಮಡಿಗೂ ಕೊಟ್ಟು ಓಡಿಸಬೇಕು. ಎರಡೂ ಮರಗಟ್ಟಿದಮೇಲೆ ಕುದುರೆ ತಲೆ ಆಡಿಸದೆ, ಹೆಜ್ಜೆ ಉದ್ದ ಮಾಡಿ ಓಡಿದರೆ ಎರಡೂ ಗೊರಸಿನ ಹಿಂಭಾಗದಲ್ಲಿ ನೋವಿದೆ ಅಂತ ತೀರ್ಮಾನ. ಹೆಜ್ಜೆ ಉದ್ದವಾಗೋದನ್ನು ನೋಡಿದಾಗ ನಿಮಗೇ ಆಶ್ಚರ್ಯವಾಗಬಹುದು, ಎರಡು ತಿಂಗಳಿಂದ ಅಲ್ಲ, ಅದಕ್ಕೂ ಮೊದಲಿನಿಂದ ಅದು ಹೆಜ್ಜೆ ಹಿಡಿದುಕೊಂಡೇ ಇಡುತ್ತಿತ್ತು ಅಂತ ಆಗ ಗೊತ್ತಾಗುತ್ತದೆ. ಬಲಗಾಲು ಸರಿಹೋಗದಿದ್ದರೆ ಬಲಗಾಲಿನಲ್ಲಿ ಬೇರೆಯದೇ ತೊಂದರೆ ಇರಬಹುದು, ಅಲ್ಲಿ ಮೇಲಿನ ಹಂತಕ್ಕೆ ಹೋಗಬೇಕು.

ಆಮೇಲೆ ಕಾಫಿನ್ ಕೀಲಿನ ಒಳಗೇ ಔಷಧಿ ಹಾಕಿ ನೋಡೋಣ ಅಂತ ಅವರು ಹೇಳಬಹುದು. ಅದನ್ನು ಬೇರೆ ದಿನ ಮಾಡಬೇಕು, ಮೊದಲಿನ ಇಂಜೆಕ್ಷನ್ ಇಳಿದಮೇಲೆ. ಅದಕ್ಕೆ ಕೂದಲು ತೆಗೆದು, ಚರ್ಮವನ್ನು ಚೆನ್ನಾಗಿ ತಿಕ್ಕಿ ತೊಳೆದು, ಕೈಗವಸು ಹಾಕಿ ಮಾಡಬೇಕು. ಕೀಲಿಗೆ ಸೋಂಕು ತಗುಲಿದರೆ ಕುದುರೆ ಕೈತಪ್ಪಿ ಹೋಗಬಹುದು. ಮಳೆಗಾಲದಲ್ಲಿ ಕೆಸರು ತುಂಬಿದ ಕೊಟ್ಟಿಗೆಯಲ್ಲಿ ಯಾರಾದರೂ ಕೀಲಿಗೆ ಸೂಜಿ ಹಾಕೋಕೆ ಬಂದರೆ ದಯವಿಟ್ಟು ಬೇಡ ಅನ್ನಿ. ಒಣಗಿದ, ಗುಡಿಸಿದ ಜಾಗ ಮಾಡಿಕೊಡಿ.

ಇಂಜೆಕ್ಷನ್‌ಗೆ ಮೊದಲು ಅಂಗಾಲನ್ನು ನೋಡಿದ್ದಾರಾ ಅಂತ ಕೇಳಿ, ಇಲ್ಲದಿದ್ದರೆ ನೋಡಿಸಿ. ನಮ್ಮ ಮಲೆನಾಡಿನ ಮಳೆಯಲ್ಲಿ ಗೊರಸು ತಿಂಗಳುಗಟ್ಟಲೆ ನೆಂದು ಮೆತ್ತಗಾಗುತ್ತದೆ, ಆ ಮೆತ್ತನೆಯ ಅಂಗಾಲಿನಲ್ಲಿ ಜಂಬಿಟ್ಟಿಗೆ ಹರಳಿನ ಮೇಲೆ ನಡೆದರೆ ಜಜ್ಜುವುದು, ಒಳಗೆ ಕೀವು ಕಟ್ಟುವುದು ಸಾಮಾನ್ಯ. ಗೊರಸಿನ ಇಕ್ಕಳದಿಂದ ಅಂಗಾಲನ್ನು ಸುತ್ತಲೂ ಒತ್ತಿ ನೋಡಬೇಕು, ಗೊರಸು ಬಿಸಿಯಿದೆಯಾ, ಗೆಣ್ಣಿನ ಹಿಂದೆ ನಾಡಿ ಜೋರಾಗಿ ಹೊಡೆಯುತ್ತಿದೆಯಾ ನೋಡಬೇಕು. ಕೀವಿದ್ದರೆ ಸಾಮಾನ್ಯವಾಗಿ ಇದ್ದಕ್ಕಿದ್ದ ಹಾಗೆ, ಕಾಲೇ ಊರದಷ್ಟು ಕುಂಟುತ್ತದೆ, ನಿಮ್ಮದರ ಹಾಗೆ ಎರಡು ತಿಂಗಳು ಸಣ್ಣಗೆ ಎಳೆಯುವುದಿಲ್ಲ. ಆದರೂ ನೋಡದೆ ಬಿಡಬಾರದು. ಇಕ್ಕಳಕ್ಕೆ ಕುದುರೆ ಏನೂ ಮಾಡಲಿಲ್ಲ ಅಂದಮಾತ್ರಕ್ಕೆ ನ್ಯಾವಿಕ್ಯುಲರ್ ನೋವಿಲ್ಲ ಅಂತಲೂ ಅಲ್ಲ, ಅದು ತುಂಬಾ ಆಳದಲ್ಲಿದೆ, ಒತ್ತಡ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ.

ಇಲ್ಲೇ ಇನ್ನೊಂದು ಮಾತು, ಎಲ್ಲ ಕುದುರೆ ಸಾಕುವವರಿಗೂ. ಇದ್ದಕ್ಕಿದ್ದ ಹಾಗೆ ಕಾಲು ನೆಲಕ್ಕೇ ಇಡದ ಕುದುರೆಗೆ ನರದ ಇಂಜೆಕ್ಷನ್ ಕೊಡಿಸಲೇಬಾರದು, ಕಾಲು ಮಡಚಿ ಹಿಡಿಯೋದೂ ಬೇಡ. ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ, ನೋವೇ ಅಷ್ಟು ಹೊತ್ತು ಆ ಕಾಲನ್ನು ಕಾಪಾಡುತ್ತಿರುತ್ತದೆ. ಮರಗಟ್ಟಿಸಿ ಓಡಿಸಿದರೆ ಬಿರುಕು ಪೂರ್ತಿ ಮುರಿತವಾಗಿಬಿಡಬಹುದು. ಅಂಥಲ್ಲಿ ಅಂಗಾಲಿನಲ್ಲಿ ಕೀವಿಲ್ಲ ಅಂತ ಆದರೆ ಮೊದಲು ಎಕ್ಸ್‌ರೇ.

ಅದೇ ಕಾರಣಕ್ಕೆ, ಅದೇ ಇಂಜೆಕ್ಷನ್ ಕೊಡ್ತಾ ಇರಬಾರದಾ ಅನ್ನುವ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ, ಖಂಡಿತಾ ಬೇಡ. ಲಿಗ್ನೊಕೈನ್ ಕೆಲಸ ಮಾಡೋದು ಒಂದು ಒಂದೂವರೆ ಗಂಟೆ, ಮೆಪಿವಕೈನ್ ಅದಕ್ಕಿಂತ ಸ್ವಲ್ಪ ಜಾಸ್ತಿ. ಅದು ಏನನ್ನೂ ವಾಸಿ ಮಾಡುವುದಿಲ್ಲ. ಆ ಹೊತ್ತಿನಲ್ಲಿ ಅತಿಥಿಗಳನ್ನು ಕೂರಿಸಿ ಗುಡ್ಡ ಇಳಿಸಿದರೆ, ನ್ಯಾವಿಕ್ಯುಲರ್ ಹಿಂದಿನ ಸ್ನಾಯುರಜ್ಜು ಈಗಾಗಲೇ ಸವೆದಿದ್ದರೆ, ಅದು ಹರಿಯಬಹುದು, ಕುದುರೆ ಎಡವಿ ಬಿದ್ದು ಮೇಲಿದ್ದವರಿಗೂ ಪೆಟ್ಟಾಗಬಹುದು. ಪರೀಕ್ಷೆಯ ದಿನವೂ ನೋಡಿ ಮುಗಿದಮೇಲೆ ಔಷಧಿ ಇಳಿಯುವವರೆಗೆ ಕೊಟ್ಟಿಗೆಯಲ್ಲೇ ಕಟ್ಟಿ.

ಡಾಕ್ಟರ್ ಬರುವ ದಿನಕ್ಕೆ ನೀವು ಮಾಡಬೇಕಾದ್ದು ಸ್ವಲ್ಪ ಇದೆ. ನೋವಿನ ಔಷಧಿ ಏನಾದರೂ ಕೊಡುತ್ತಿದ್ದರೆ ಮೊದಲೇ ಹೇಳಿ, ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಅಂತ ಅವರನ್ನೇ ಕೇಳಿ. ಫಿನೈಲ್‌ಬ್ಯುಟಜೋನ್ ಮೈಯಲ್ಲಿದ್ದರೆ ಕುಂಟು ಅರ್ಧ ಮರೆಯಾಗಿ, ಇಂಜೆಕ್ಷನ್ನಿಂದ ಹೋಯಿತೋ ಮಾತ್ರೆಯಿಂದ ಹೋಯಿತೋ ತಿಳಿಯುವುದಿಲ್ಲ. ನಮ್ಮ ಕಡೆ ಸಮತಟ್ಟಾದ ನೆಲ ಸಿಗೋದೇ ಕಷ್ಟ, ಏರು ಇಳಿಜಾರಿನಲ್ಲಿ ಓಡಿಸಿದರೆ ತಲೆಯಾಟ ಬೇರೆ ಥರ ಆಗುತ್ತದೆ. ವಾಹನ ಕಡಿಮೆ ಇರುವ ಟಾರು ರಸ್ತೆಯ ಮೂವತ್ತು ನಲವತ್ತು ಮೀಟರ್ ಮಟ್ಟಸವಾದ ಜಾಗ ಹುಡುಕಿಡಿ. ಸುತ್ತು ಹಾಕಿಸೋಕೆ ಗಟ್ಟಿಯಾದ ಅಡಿಕೆ ಒಣಗಿಸುವ ಅಂಗಳ ಆಗುತ್ತದೆ, ಸಿಮೆಂಟಿನದಾಗಿದ್ದು ಪಾಚಿ ಕಟ್ಟಿದ್ದರೆ ಬೇಡ, ಜಾರುತ್ತದೆ. ಓಡಿಸುವವರು ಹಗ್ಗವನ್ನು ಸಡಿಲ ಬಿಟ್ಟು ಓಡಬೇಕು. ಬಾಯಿ ಹತ್ತಿರ ಬಿಗಿ ಹಿಡಿದರೆ ತಲೆ ಆಡಲಿಕ್ಕೇ ಜಾಗ ಇರಲ್ಲ, ನೋಡುವವರಿಗೆ ಏನೂ ಕಾಣಲ್ಲ. ಇಂಜೆಕ್ಷನ್‌ಗೆ ಮೊದಲು ಮತ್ತು ಆದಮೇಲೆ ಒಂದೇ ಜಾಗದಲ್ಲಿ ನಿಂತು ಮೊಬೈಲಿನಲ್ಲಿ ವಿಡಿಯೊ ಮಾಡಿ, ಎದುರಿನಿಂದ, ಹಿಂದಿನಿಂದ, ಬದಿಯಿಂದ. ನಿಧಾನಗತಿಯಲ್ಲಿ ಹಾಕಿ ನೋಡಿದರೆ ಅಲ್ಲಿ ತಪ್ಪಿದ್ದು ಇಲ್ಲಿ ಸಿಗುತ್ತದೆ.

ಎರಡೂ ಗೊರಸಿನ ಹಿಂಭಾಗ ಅಂತ ಖಚಿತವಾದಮೇಲೆ ಎಕ್ಸ್‌ರೇ ಮಾಡಿಸಿ, ಎರಡೂ ಗೊರಸಿನದು. ಅದಕ್ಕೆ ಮುಂಚೆ ಮಾಡಿಸಬೇಡಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಯಾಕೆಂದರೆ ರೇಸಿನಿಂದ ಬಂದ ಕುದುರೆಯ ಕಾಲನ್ನು ಎಲ್ಲಿ ಎಕ್ಸ್‌ರೇ ಮಾಡಿದರೂ ಏನಾದರೊಂದು ಹಳೆಯ ಗುರುತು ಸಿಕ್ಕೇ ಸಿಗುತ್ತದೆ, ಗೆಣ್ಣಿನಲ್ಲಿ ಅಂಥದ್ದು ಕಂಡು ಅದಕ್ಕೇ ಚಿಕಿತ್ಸೆ ಮಾಡುತ್ತಾ ಕೂತರೆ ಗೊರಸು ನೋಯುತ್ತಲೇ ಇರುತ್ತದೆ. ಗೊರಸಿನ ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೆ ನೋವಿಲ್ಲ ಅಂತಲೂ ಅಲ್ಲ. ಸ್ನಾಯುರಜ್ಜಿನ ಗಾಯ ಎಕ್ಸ್‌ರೇಯಲ್ಲಿ ಬರುವುದಿಲ್ಲ, ಗೊರಸಿನ ಒಳಗೆ ಅದನ್ನು ಸರಿಯಾಗಿ ತೋರಿಸುವುದು ಎಂಆರ್‌ಐ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಕರೆದುಕೊಂಡು ಹೋಗುವ ಯೋಚನೆ ಇದ್ದರೆ ಮೊದಲೇ ಫೋನ್ ಮಾಡಿ ವಿಚಾರಿಸಿ, ವಿಡಿಯೊಗಳನ್ನೂ ಯಾವ ಇಂಜೆಕ್ಷನ್‌ಗೆ ಎಷ್ಟು ಬದಲಾಯಿತು ಅನ್ನುವ ಚೀಟಿಯನ್ನೂ ತಗೊಂಡು ಹೋಗಿ.

ಬದಿಯಿಂದ ತೆಗೆದ ಎಕ್ಸ್‌ರೇಯನ್ನು ಲಾಳ ಕಟ್ಟುವವರಿಗೂ ತೋರಿಸಬೇಕು. ರೇಸ್ ಕುದುರೆಗಳಲ್ಲಿ ಗೊರಸಿನ ಮುಂಭಾಗ ಉದ್ದ ಬೆಳೆದು ಹಿಮ್ಮಡಿ ಕುಸಿದಿರುವುದು ಬಹಳ, ಆಗ ಪ್ರತಿ ಹೆಜ್ಜೆಯಲ್ಲೂ ನ್ಯಾವಿಕ್ಯುಲರ್ ಮೇಲೆ ಸ್ನಾಯುರಜ್ಜು ಜಾಸ್ತಿ ಒತ್ತುತ್ತದೆ. ಮುಂಭಾಗವನ್ನು ಗಿಡ್ಡ ಮಾಡಿ, ಹಿಮ್ಮಡಿಗೆ ಆಸರೆ ಕೊಡುವ ಲಾಳ ಹಾಕಿ, ಐದಾರು ವಾರಕ್ಕೊಮ್ಮೆ ತಪ್ಪದೆ ಸರಿಪಡಿಸಿದರೆ ಎಷ್ಟೋ ಕುದುರೆಗಳು ಅದರಿಂದಲೇ ಸುಧಾರಿಸುತ್ತವೆ. ಎತ್ತಿಗೆ ಲಾಳ ಕಟ್ಟುವವರ ಹತ್ತಿರ ಮಾತ್ರ ಇದನ್ನು ಮಾಡಿಸಬೇಡಿ, ಎತ್ತಿನದು ಸೀಳುಗೊರಸು, ಅದರ ಲೆಕ್ಕವೇ ಬೇರೆ. ಒಂದೇ ಸಲಕ್ಕೆ ಪೂರ್ತಿ ಕತ್ತರಿಸೋದೂ ಬೇಡ, ಎರಡು ಮೂರು ಸಲದಲ್ಲಿ ಹದಕ್ಕೆ ತನ್ನಿ. ಅಲ್ಲಿಯವರೆಗೆ ಸವಾರಿ ನಿಲ್ಲಿಸಿ, ಒಣ ಮೆತ್ತನೆ ನೆಲದಲ್ಲಿ ಕೈಯಲ್ಲಿ ಹಿಡಿದು ನಡೆಸಿದರೆ ಸಾಕು.